ಒಂದು ಬಟ್ಟಲು ಸಾರು, ಒಂದು ಕಿಟಕಿ: ಮನೆ ಅಡುಗೆಯ ಫೋಟೋ ಬಗ್ಗೆ

ಎಲ್ಲರಿಗೂ ನಮಸ್ಕಾರ. ಇವತ್ತು ಕೇಕು, ಹಣ್ಣಿನ ಸಲಾಡು ಇವುಗಳ ಸುದ್ದಿಗೆ ನಾನು ಹೋಗುವುದಿಲ್ಲ. ಅವುಗಳಿಗೆ ಬಣ್ಣವೂ ಇದೆ, ಆಕಾರವೂ ಇದೆ. ಹೇಗೆ ತೆಗೆದರೂ ಸುಮಾರಾಗಿ ಚೆನ್ನಾಗಿಯೇ ಬರುತ್ತವೆ. ಈ ಮೇಜಿನ ಮೇಲೆ ನಾನು ಇಟ್ಟಿರುವುದು ಒಂದು ಬಟ್ಟಲು ಸಾರು. ಬೇಳೆ ಇದೆ, ಕ್ಯಾರೆಟ್ ಇದೆ, ಬಟಾಣಿ ಇದೆ. ಪಕ್ಕದಲ್ಲಿ ಒಂದಿಷ್ಟು ಅನ್ನ. ಫೋಟೋಗೆ ನಿಂತಾಗ ತುಂಬಾ ಕಾಡುವುದು ಇಂಥ ಅಡುಗೆಯೇ. ಬಣ್ಣ ಕಂದು, ಮೇಲ್ಮೈ ಒದ್ದೆ, ಎಲ್ಲ ಸಮತಟ್ಟು. ಇದನ್ನು ತೆಗೆಯಲು ಬಂದರೆ ಪಲ್ಯ, ರೊಟ್ಟಿ, ಮೊಟ್ಟೆ ಯಾವುದೂ ಕಷ್ಟವಾಗುವುದಿಲ್ಲ. ಹಾಗಾಗಿ ಇಡೀ ಮಾತು ಈ ಒಂದು ಬಟ್ಟಲಿನ ಸುತ್ತಲೇ.

ಪರದೆಯ ಮೇಲೆ ಈಗ ಕಾಣುತ್ತಿರುವುದು ಮೊದಲ ಫೋಟೋ. ಫೋನಿನ ಫ್ಲ್ಯಾಶ್ ಹಾಕಿ, ಮೇಲಿನ ಟ್ಯೂಬ್‌ಲೈಟ್ ಉರಿಯುತ್ತಿರುವಾಗ ತೆಗೆದದ್ದು. ಸಾರು ಇದೆ ಅಂತ ಗೊತ್ತಾಗುತ್ತದೆ, ಅಷ್ಟೇ. ನಡುವೆ ಒಂದು ಬಿಳಿ ಚುಕ್ಕೆ ಹೊಳೆಯುತ್ತಿದೆ. ಬಟಾಣಿ ಕಾಳು ದುಂಡಗಿದೆಯೋ ಚಪ್ಪಟೆಯಾಗಿದೆಯೋ ಹೇಳುವುದಕ್ಕೆ ಆಗುವುದಿಲ್ಲ. ಹೀಗೇಕಾಯಿತು? ಫ್ಲ್ಯಾಶ್ ಇರುವುದು ಲೆನ್ಸಿನ ಪಕ್ಕದಲ್ಲೇ. ಅಲ್ಲಿಂದ ಹೊರಟ ಬೆಳಕು ಬಟಾಣಿಗೆ ಬಡಿದರೆ ನೆರಳು ಬೀಳುವುದು ಬಟಾಣಿಯ ಹಿಂದೆ. ಲೆನ್ಸಿಗೆ ಆ ನೆರಳು ಕಾಣುವುದೇ ಇಲ್ಲ. ನೆರಳು ಇಲ್ಲದಿದ್ದರೆ ಒಂದು ವಸ್ತು ದುಂಡಗಿದೆ, ಉಬ್ಬಿದೆ, ಒರಟಾಗಿದೆ ಅಂತ ಕಣ್ಣಿಗೆ ಹೇಳುವುದು ಏನೂ ಉಳಿಯುವುದಿಲ್ಲ.

ಬಣ್ಣ ಗಾಢವಾಗಿರುವ ಆಹಾರ ಈ ನಷ್ಟವನ್ನು ತಡೆದುಕೊಳ್ಳುತ್ತದೆ. ಟೊಮ್ಯಾಟೊ ಹಣ್ಣು ಕೆಂಪಗಿರುವುದರಿಂದ ನೆರಳಿಲ್ಲದೆಯೂ ಟೊಮ್ಯಾಟೊ ಅನ್ನಿಸಿಕೊಳ್ಳುತ್ತದೆ. ಕಂದು ಬಣ್ಣದ ಸಾರಿಗೆ ಆ ಅನುಕೂಲ ಇಲ್ಲ. ಅದಕ್ಕೆ ಇರುವುದು ಮೇಲ್ಮೈ ಮಾತ್ರ: ಬೇಳೆಯ ತರಿ, ಕ್ಯಾರೆಟ್ ಹೋಳಿನ ಅಂಚು, ಎಣ್ಣೆಯ ಹೊಳಪು. ಈ ಸಣ್ಣ ಸಣ್ಣ ನೆರಳುಗಳನ್ನು ಹುಟ್ಟಿಸುವುದು ಪಕ್ಕದಿಂದ ಬರುವ ಬೆಳಕು. ಫೋಟೋ ತೆಗೆಯುವುದು ಶುರುವಾಗುವುದಕ್ಕೆ ಎಷ್ಟೋ ಮೊದಲೇ ಚಿತ್ರ ಬರೆಯುವವರಿಗೆ ಇದು ಗೊತ್ತಿತ್ತು. 17ನೇ ಶತಮಾನದ ಡಚ್ ಕಲಾವಿದ ವರ್ಮೀರ್ ಬರೆದ, ಹಾಲು ಸುರಿಯುತ್ತಿರುವ ಹೆಂಗಸಿನ ಚಿತ್ರವನ್ನು ನೋಡಿ. ಕಿಟಕಿ ಎಡಗಡೆ ಇದೆ, ಮೇಜಿನ ಮೇಲೆ ಬ್ರೆಡ್ ಇದೆ. ಆ ಬ್ರೆಡ್ಡಿನ ಒರಟುತನ ಕೈಗೆ ತಾಗುವ ಹಾಗಿದೆ.

ಈಗ ಕೆಲಸಕ್ಕೆ ಬರೋಣ. ಮೊದಲ ಹೆಜ್ಜೆಯಲ್ಲಿ ಸಾರು ಬೇಡ. ಒಂದು ಮೊಟ್ಟೆ ಸಾಕು.

ಬಟ್ಟಲು ಇಡಬೇಕಾದ ಜಾಗದಲ್ಲಿ ಮೊಟ್ಟೆ ಇಡಿ. ಕೋಣೆಯ ದೀಪಗಳನ್ನೆಲ್ಲ ಆರಿಸಿ. ಇದನ್ನು ಜನ ಬೇಜಾರು ಮಾಡಿಕೊಂಡೇ ಮಾಡುತ್ತಾರೆ, ಕತ್ತಲಾಯಿತಲ್ಲ ಅಂತ. ಆದರೆ ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಅಳೆದರೆ ಹಳದಿ ಬಲ್ಬಿನ ಬೆಳಕು ಸುಮಾರು 2700 ಇರುತ್ತದೆ, ಹಗಲಿನ ಬೆಳಕು 5500ರ ಆಸುಪಾಸು. ಎರಡೂ ಒಂದೇ ತಟ್ಟೆಯ ಮೇಲೆ ಬಿದ್ದರೆ ಒಂದು ಮಗ್ಗುಲು ಹಳದಿ, ಇನ್ನೊಂದು ಮಗ್ಗುಲು ನೀಲಿ. ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ಆಮೇಲೆ ಯಾವ ಆ್ಯಪ್‌ನಲ್ಲಿ ಕೂತು ತಿದ್ದಿದರೂ ಅನ್ನ ಬೆಳ್ಳಗೆ ಬರುವುದು ಕಷ್ಟ. ಆದ್ದರಿಂದ ದೀಪ ಆರಿಸಿ, ಕಿಟಕಿ ಒಂದೇ ಇರಲಿ.

ಈಗ ಮೊಟ್ಟೆ ನೋಡಿ. ಕಿಟಕಿಯ ಕಡೆ ಬೆಳ್ಳಗಿದೆ. ಆಚೆ ಬದಿಗೆ ಹೋಗುತ್ತಾ ನಿಧಾನವಾಗಿ ಬೂದು ಆಗುತ್ತಿದೆ. ಬೆಳಕಿನಿಂದ ಕತ್ತಲಿಗೆ ಈ ನಿಧಾನದ ಇಳಿತ ಇದ್ದರೆ ಜಾಗ ಸರಿಯಾಗಿದೆ. ಮೊಟ್ಟೆಯ ನೆರಳಿನ ಅಂಚನ್ನೂ ಗಮನಿಸಿ. ಅದು ಬ್ಲೇಡಿನಲ್ಲಿ ಕೊಯ್ದ ಹಾಗೆ ಚೂಪಾಗಿದ್ದರೆ ನೇರ ಬಿಸಿಲು ಬೀಳುತ್ತಿದೆ ಅಂತ ಅರ್ಥ. ತೆಳು ಬಿಳಿ ಬಟ್ಟೆಯನ್ನೋ ಟ್ರೇಸಿಂಗ್ ಪೇಪರನ್ನೋ ಕಿಟಕಿಗೆ ಕಟ್ಟಿ. ಬಟ್ಟೆ ಬಿಳಿಯೇ ಇರಲಿ, ಬಣ್ಣದ ಪರದೆ ತನ್ನ ಬಣ್ಣವನ್ನೆಲ್ಲ ಅನ್ನಕ್ಕೆ ಹಚ್ಚುತ್ತದೆ. ಮೊಟ್ಟೆಯ ಎರಡೂ ಬದಿ ಒಂದೇ ಸಮ ಬೆಳ್ಳಗಿದ್ದರೆ ಎದುರುಗಡೆ ಇನ್ನೊಂದು ಕಿಟಕಿಯೋ ಬಿಳಿ ಗೋಡೆಯೋ ಇದೆ. ಆ ಕಿಟಕಿ ಮುಚ್ಚಿ, ಇಲ್ಲವೇ ಮೇಜನ್ನು ಸರಿಸಿ.

ಕಿಟಕಿಯಿಂದ ಎಷ್ಟು ದೂರ? ಸಾಮಾನ್ಯ ಗಾತ್ರದ ಕಿಟಕಿಯಾದರೆ ನಾನು ಎರಡು ಮೂರು ಅಡಿಯಿಂದ ಶುರು ಮಾಡುತ್ತೇನೆ. ಮೊಟ್ಟೆಯನ್ನು ಕಿಟಕಿಯ ಬುಡಕ್ಕೇ ತಂದರೆ ಏನಾಗುತ್ತದೆ ನೋಡಿ: ಹತ್ತಿರದ ಬದಿ ತೀರಾ ಬೆಳ್ಳಗಾಯಿತು, ದೂರದ ಬದಿ ಕಪ್ಪಾಯಿತು. ಆರು ಅಡಿ ದೂರ ಒಯ್ದರೆ ಬೆಳಕು ಕಡಿಮೆಯಾಯಿತು, ಜೊತೆಗೆ ನೆರಳಿನ ಅಂಚು ಗಡುಸಾಯಿತು. ಇದು ಕೆಲವರಿಗೆ ಆಶ್ಚರ್ಯ ಅನ್ನಿಸಬಹುದು. ನೆರಳು ಮೃದುವಾಗಿ ಬರುವುದು ಬೆಳಕಿನ ಮೂಲ ವಸ್ತುವಿಗಿಂತ ದೊಡ್ಡದಾಗಿ ಇದ್ದಾಗ. ದೂರ ಹೋದಷ್ಟೂ ಮೊಟ್ಟೆಯ ಪಾಲಿಗೆ ಕಿಟಕಿ ಚಿಕ್ಕದಾಗುತ್ತದೆ.

ಮೊಟ್ಟೆಯ ಕೆಲಸ ಮುಗಿಯಿತು. ಈಗ ಬಟ್ಟಲು ಇಡೋಣ. ಇಲ್ಲಿ ಒದ್ದೆ ಅಡುಗೆಯ ಒಂದು ವಿಶೇಷ ತೊಂದರೆ ಬರುತ್ತದೆ.

ಬಟ್ಟಲನ್ನು ಗಡಿಯಾರ ಅಂದುಕೊಳ್ಳಿ. ನೀವು 6ರ ಕಡೆ ನಿಂತಿದ್ದೀರಿ. ಕಿಟಕಿ 9ರಲ್ಲಿ ಇದ್ದರೆ ಅದು ಸರಿಯಾಗಿ ಪಕ್ಕದ ಬೆಳಕು. ರೊಟ್ಟಿ, ಒಣ ಪಲ್ಯ, ಬ್ರೆಡ್ಡಿಗೆ ಅದು ಚೆನ್ನ. ಸಾರಿಗೆ ಮಾತ್ರ 9ರ ಬೆಳಕಿನಲ್ಲಿ ಹೊಳಪು ಕಡಿಮೆ. ತರಿಯೇನೋ ಕಾಣುತ್ತದೆ, ಆದರೆ ನಿನ್ನೆ ಮಾಡಿಟ್ಟ ಹಾಗೆ ಒಣಗಿದಂತೆ ಬರುತ್ತದೆ. ಹಾಗಂತ ಕಿಟಕಿಯನ್ನು ಹಿಂದಕ್ಕೆ, 12ಕ್ಕೆ ತಂದರೆ ಇನ್ನೊಂದು ತರಹ ಕೆಡುತ್ತದೆ. ದ್ರವದ ಮೇಲ್ಮೈ ಕನ್ನಡಿಯೇ ಅಲ್ವಾ? ಬೆಳಕು ಯಾವ ಕೋನದಲ್ಲಿ ಬಂದು ಬಡಿಯುತ್ತದೋ ಅದೇ ಕೋನದಲ್ಲಿ ಎದುರು ಬದಿಗೆ ಹೋಗುತ್ತದೆ. ಕಿಟಕಿ ಹಿಂದೆ, ಫೋನು ಮುಂದೆ ಓರೆಯಾಗಿ ಹಿಡಿದರೆ ಸಾರಿನ ಮೇಲೆ ಇಡೀ ಕಿಟಕಿಯೇ ಕಾಣುತ್ತದೆ. ಸಾರಿನ ಬಣ್ಣ ಹೋಗಿ ಬಿಳಿ ಪೊರೆ ಬಂದ ಹಾಗೆ.

ಇವೆರಡರ ನಡುವೆ 10ರ ಹತ್ತಿರ ಒಂದು ಜಾಗ ಸಿಗುತ್ತದೆ. ಕಿಟಕಿ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ. ಅಲ್ಲಿ ಬಟಾಣಿಯ ತಲೆಯ ಮೇಲೆ, ಕ್ಯಾರೆಟ್ಟಿನ ಅಂಚಿನಲ್ಲಿ, ಎಣ್ಣೆಯ ಹನಿಯಲ್ಲಿ ಸಣ್ಣ ಹೊಳಪು ಬರುತ್ತದೆ. ದ್ರವದ ಬಹುಭಾಗ ತನ್ನ ಬಣ್ಣ ಉಳಿಸಿಕೊಳ್ಳುತ್ತದೆ. ಕಿಟಕಿಯನ್ನು ಸರಿಸಲು ಆಗದು, ಆದ್ದರಿಂದ ನೀವೇ ಮೇಜಿನ ಸುತ್ತ ಅರ್ಧ ಹೆಜ್ಜೆ ಸರಿಯಿರಿ. ಫೋನಿನ ಪರದೆಯನ್ನೇ ನೋಡುತ್ತಾ ಸರಿಯಿರಿ. ಹೊಳಪು ಎಲ್ಲಿ ಹುಟ್ಟುತ್ತದೆ, ಎಲ್ಲಿ ಹರಡಿ ಬಣ್ಣ ತಿನ್ನಲು ಶುರು ಮಾಡುತ್ತದೆ ಎಂದು ಕಣ್ಣಿಗೇ ತಿಳಿಯುತ್ತದೆ.

ಎದುರು ಬದಿಯ ನೆರಳು ಈಗ ಸ್ವಲ್ಪ ಜಾಸ್ತಿ ಅನ್ನಿಸುತ್ತಿರಬಹುದು. ಅಲ್ಲಿಗೆ ಒಂದು ಬಿಳಿ ಹಾಳೆ. ದಪ್ಪ ಡ್ರಾಯಿಂಗ್ ಶೀಟನ್ನು ಮಡಿಸಿ ನಿಲ್ಲಿಸಿದರೂ ಆಯಿತು, ಥರ್ಮಾಕೋಲ್ ತುಂಡಾದರೂ ಆಯಿತು. ಕಿಟಕಿಯ ಬೆಳಕು ಅದಕ್ಕೆ ಬಡಿದು ಬಟ್ಟಲಿಗೆ ವಾಪಸ್ ಬರುತ್ತದೆ. ಬಟ್ಟಲಿಗೆ ಒಂದು ಗೇಣು ಹತ್ತಿರ ತಂದರೆ ನೆರಳು ಬಹಳ ತೆಳುವಾಗುತ್ತದೆ. ಎರಡು ಅಡಿ ಹಿಂದೆ ಇಟ್ಟರೆ ಸುಮ್ನೆ ಒಂಚೂರು. ಇಲ್ಲಿ ಎಚ್ಚರ ಬೇಕು. ಹಾಳೆ ಸಿಕ್ಕಿತು ಅಂತ ನೆರಳನ್ನೆಲ್ಲ ಅಳಿಸಿಬಿಟ್ಟರೆ ಮತ್ತೆ ಫ್ಲ್ಯಾಶಿನ ಫೋಟೋಗೇ ಬಂದು ನಿಂತಂತೆ. ನೆರಳಿನೊಳಗೆ ಇರುವ ಅನ್ನದ ಅಗುಳು ಗುರುತಿಸುವಷ್ಟು ಕಂಡರೆ ನಿಲ್ಲಿಸಿ. ಇನ್ನೊಂದು ಮಾತು, ನೀವು ತೊಟ್ಟ ಬಟ್ಟೆಯೂ ಹಾಳೆಯ ಹಾಗೇ ಬೆಳಕು ವಾಪಸ್ ಕೊಡುತ್ತದೆ. ಕಡುಗೆಂಪು ಅಂಗಿ ಹಾಕಿಕೊಂಡು ಬಿಳಿ ತಟ್ಟೆಯ ಮೇಲೆ ಬಗ್ಗಿದರೆ ತಟ್ಟೆಯ ಅಂಚಿಗೆ ಗುಲಾಬಿ ಬಣ್ಣ ಬರುತ್ತದೆ.

ಇನ್ನು ಪಾತ್ರೆ. ನನಗೆ ಇದರ ಬಗ್ಗೆ ಸ್ವಲ್ಪ ಹಟ ಇದೆ. ಪಾತ್ರೆ ನೋಡುವವರ ಗಮನ ಸೆಳೆಯಬಾರದು. ಹೂವಿನ ಚಿತ್ತಾರ, ಚಿನ್ನದ ಅಂಚು, ಗಾಢ ನೀಲಿ ಬಳ್ಳಿ ಇವೆಲ್ಲ ಅತಿಥಿಗಳು ಬಂದಾಗ ಇರಲಿ. ಚಿತ್ತಾರದಲ್ಲಿ ಇರುವ ಗೆರೆಗಳು ಸಾರಿನಲ್ಲಿ ಇರುವ ತರಿಗಿಂತ ಗಟ್ಟಿಯಾಗಿ ಕಾಣುತ್ತವೆ, ಕಣ್ಣು ಅಲ್ಲಿಗೇ ಹೋಗುತ್ತದೆ. ಹೊಳಪಿಲ್ಲದ, ಒಂದೇ ಬಣ್ಣದ, ಸರಳ ಅಂಚಿನ ಪಾತ್ರೆ ಸಾಕು.

ಬಣ್ಣಕ್ಕಿಂತಲೂ ಮುಖ್ಯವಾದದ್ದು ಆಳ. ಪಕ್ಕದ ಬೆಳಕನ್ನು ಕಲಿತವರು ಎಡವುವುದು ಇಲ್ಲೇ. ಬೆಳಕು ಪಕ್ಕದಿಂದ ಬರುತ್ತಿದೆ, ಬಟ್ಟಲಿಗೆ ಗೋಡೆ ಇದೆ. ಸಾರಿನ ಮಟ್ಟ ಅಂಚಿಗಿಂತ ಒಂದು ಇಂಚು ಕೆಳಗಿದೆ ಅಂದುಕೊಳ್ಳಿ. ಬೆಳಕು ಮೇಜಿಗೆ 30 ಡಿಗ್ರಿ ಓರೆಯಲ್ಲಿ ಬರುತ್ತಿದ್ದರೆ ಅಂಚಿನ ನೆರಳು ಒಳಗೆ ಸುಮಾರು ಒಂದೂಮುಕ್ಕಾಲು ಇಂಚು ಚಾಚುತ್ತದೆ. ಐದು ಇಂಚಿನ ಬಟ್ಟಲಾದರೆ ಮೂರನೇ ಒಂದು ಭಾಗದಷ್ಟು ಅಗಲ ಮಂಕಾಯಿತು. ಅದೂ ಕಿಟಕಿಯ ಕಡೆಯ, ಚೆನ್ನಾಗಿ ಬೆಳಗಬೇಕಾದ ಭಾಗವೇ. ಎಷ್ಟು ಬಿಳಿ ಹಾಳೆ ಇಟ್ಟರೂ ಇದು ಪೂರ್ತಿ ಹೋಗುವುದಿಲ್ಲ.

ಅದಕ್ಕೆ ಅಗಲವಾದ, ಆಳವಿಲ್ಲದ ಬಟ್ಟಲು ತೆಗೆದುಕೊಳ್ಳಿ. ಅಂಚಿನ ತನಕ ಅಲ್ಲದಿದ್ದರೂ ಅರ್ಧ ಸೆಂಟಿಮೀಟರ್ ಕೆಳಗಿನ ತನಕ ತುಂಬಿಸಿ. ಗಾತ್ರವೂ ಚಿಕ್ಕದಿರಲಿ. ಊಟದ ದೊಡ್ಡ ತಟ್ಟೆ ಸುಮಾರು 27 ಸೆಂಟಿಮೀಟರ್ ಇರುತ್ತದೆ. ಒಬ್ಬರು ತಿನ್ನುವಷ್ಟು ಅಡುಗೆ ಅದರಲ್ಲಿ ಕಳೆದುಹೋಗುತ್ತದೆ. 20 ಸೆಂಟಿಮೀಟರಿನ ತಿಂಡಿ ತಟ್ಟೆಯಲ್ಲಿ ಅಷ್ಟೇ ಅಡುಗೆ ತುಂಬಿಕೊಂಡು ಕೂರುತ್ತದೆ.

ಬಣ್ಣದ ವಿಚಾರ ಬೇಗ ಹೇಳಿಬಿಡುತ್ತೇನೆ. ಸಾರಿಗೆ ಬಿಳಿ ಅಥವಾ ಕೆನೆ ಬಣ್ಣದ ಬಟ್ಟಲು ಚೆನ್ನ. ಅನ್ನಕ್ಕೆ ಬಿಳಿ ತಟ್ಟೆ ಬೇಡ, ಅಗುಳು ತಟ್ಟೆಯಲ್ಲಿ ಸೇರಿಹೋಗುತ್ತದೆ. ಬೂದು ಅಥವಾ ಮಣ್ಣಿನ ಬಣ್ಣದ್ದು ಇಡಿ. ಸ್ಟೀಲ್ ತಟ್ಟೆ ಬೇಕೇ ಬೇಕು ಅನ್ನುವವರು ಹಳೆಯ, ಗೀರು ಬಿದ್ದು ಮಂಕಾದದ್ದನ್ನು ಹುಡುಕಿ. ಹೊಸ ಸ್ಟೀಲ್ ಕಿಟಕಿಯನ್ನೂ ತೋರಿಸುತ್ತದೆ, ಫೋನನ್ನೂ ತೋರಿಸುತ್ತದೆ, ನಿಮ್ಮ ಮೂಗನ್ನೂ ತೋರಿಸುತ್ತದೆ.

ಬಡಿಸುವುದಕ್ಕೆ ಸ್ವಲ್ಪ ಹೊತ್ತು ಕೊಡೋಣ. ಸೌಟಿನಲ್ಲಿ ತೆಗೆದು ಬಟ್ಟಲಿಗೆ ಸುರಿದರೆ ಕ್ಯಾರೆಟ್ಟು, ಬಟಾಣಿ ತಳಕ್ಕೆ ಮುಳುಗುತ್ತವೆ. ಮೇಲೆ ಉಳಿಯುವುದು ಬರೀ ನೀರು. ಪಕ್ಕದ ಬೆಳಕಿಗೆ ಹಿಡಿಯಲು ಏನಾದರೂ ಬೇಡವೇ? ಆದ್ದರಿಂದ ಬಟ್ಟಲಿನ ತಳದಲ್ಲಿ ಒಂದು ಪುಟ್ಟ ಕಪ್ ಬೋರಲು ಹಾಕಿ. ಜಾಲರಿ ಸೌಟಿನಲ್ಲಿ ಹೋಳುಗಳನ್ನೂ ಬೆಂದ ಬೇಳೆಯನ್ನೂ ಎತ್ತಿ ಅದರ ಮೇಲೆ ಇಡಿ. ಆಮೇಲೆ ಚಮಚದಲ್ಲಿ ಸಾರನ್ನು ಸುತ್ತ ಬಿಡುತ್ತಾ ಬನ್ನಿ. ಹೋಳುಗಳ ತಲೆ ಮಾತ್ರ ಹೊರಗೆ ಇರುವಷ್ಟಕ್ಕೆ ನಿಲ್ಲಿಸಿ. ಮೋಸ ಅನ್ನಿಸಿತೇ? ಅಡುಗೆ ಅದೇ, ಹೋಳು ಅದೇ, ಜಾಗ ಮಾತ್ರ ಬೇರೆ. ಕೊನೆಗೆ ಅರ್ಧ ಚಮಚ ಎಣ್ಣೆಯನ್ನು ಹನಿಹನಿಯಾಗಿ ಬಿಡಿ, 10ರ ಕಡೆಯಿಂದ ಬರುವ ಬೆಳಕು ಹೊಳೆಯುವುದು ಅದರ ಮೇಲೆಯೇ.

ಹಸಿರಿನ ಕಥೆ ಬೇರೆ. ಬಟಾಣಿಯನ್ನು ಸಾರಿನ ಜೊತೆಗೇ ಕುದಿಸಿದರೆ ಅದು ಮಂಕು ಪಾಚಿ ಬಣ್ಣಕ್ಕೆ ತಿರುಗುತ್ತದೆ. ಹಸಿರು ಕೊಡುವ ಕ್ಲೋರೋಫಿಲ್‌ನಲ್ಲಿ ಒಂದು ಮೆಗ್ನೀಷಿಯಂ ಕಣ ಇರುತ್ತದೆ. ಬಿಸಿ ಮತ್ತು ಹುಳಿ ಸೇರಿದರೆ ಅದು ಕಳಚಿಕೊಳ್ಳುತ್ತದೆ, ಬಣ್ಣವೂ ಹೋಗುತ್ತದೆ. ಸಾರಿಗೆ ಟೊಮ್ಯಾಟೊ ಬಿದ್ದಿದ್ದರೆ ಇನ್ನೂ ಬೇಗ. ಫೋಟೋಗೆ ಬೇಕಾದ ಒಂದು ಹಿಡಿ ಬಟಾಣಿಯನ್ನು ಬೇರೆಯಾಗಿ, ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಬೇಯಿಸಿ ತಣ್ಣೀರಿಗೆ ಹಾಕಿ. ಬಡಿಸುವಾಗ ಸೇರಿಸಿ. ಸೊಪ್ಪು ಉದುರಿಸುವುದಿದ್ದರೆ ಕ್ಲಿಕ್ ಮಾಡುವ ಮುಂಚಿನ ಕೊನೆಯ ಕೆಲಸ ಅದೇ ಆಗಿರಲಿ, ಬಿಸಿ ಸಾರಿನ ಮೇಲೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಈಗ ಫೋನು. ಮೊದಲು ಲೆನ್ಸ್ ಒರೆಸಿ. ಅಡುಗೆಮನೆಯಲ್ಲಿ ಇದ್ದ ಫೋನು ತಾನೇ, ಎಣ್ಣೆ ಕೈ ತಾಗಿರುತ್ತದೆ. ಹೊಳಪಿನ ಸುತ್ತ ಮಂಜು ಕವಿದಂತೆ ಬಂದರೆ ಕಾರಣ ಅದೇ. ಆಮೇಲೆ 2x ಒತ್ತಿ ಒಂದು ಹೆಜ್ಜೆ ಹಿಂದೆ ನಿಲ್ಲಿ. ಫೋನಿನ ಮಾಮೂಲಿ ಲೆನ್ಸ್ ಅಗಲವಾಗಿ ನೋಡುತ್ತದೆ, ಹತ್ತಿರ ಹೋದರೆ ಬಟ್ಟಲಿನ ಮುಂದಿನ ಅಂಚು ಉಬ್ಬಿ ಮೊಟ್ಟೆಯಾಕಾರ ಆಗುತ್ತದೆ. ನಿಮ್ಮ ತಲೆಯ ನೆರಳೂ ಬೀಳುತ್ತದೆ. ಎಷ್ಟು ಎತ್ತರದಿಂದ ಹಿಡಿಯಬೇಕು ಅನ್ನುವುದಕ್ಕೆ, ಬಟ್ಟಲಾದರೆ ಕೂತು ಊಟ ಮಾಡುವವರಿಗೆ ಕಾಣುವ ಓರೆ, ಸುಮಾರು 45 ಡಿಗ್ರಿ. ತಟ್ಟೆಯಲ್ಲಿ ಹರಡಿದ್ದಾದರೆ ನೇರ ಮೇಲಿನಿಂದ.

ಪರದೆಯ ಮೇಲೆ ಸಾರಿನ ಜಾಗವನ್ನು ಮುಟ್ಟಿ. ಬಿಳಿ ಬಟ್ಟಲು ಚೌಕಟ್ಟು ತುಂಬಿದ್ದಾಗ ಫೋನು ಬೆಳಕು ಜಾಸ್ತಿ ಇದೆ ಅಂದುಕೊಂಡು ಎಲ್ಲವನ್ನೂ ಮಂಕು ಮಾಡುತ್ತದೆ. ಬಿಳಿ ಬೂದಾಗುತ್ತದೆ, ಸಾರು ಕಪ್ಪಾಗುತ್ತದೆ. ಮುಟ್ಟಿದ ಮೇಲೆ ಪಕ್ಕದಲ್ಲಿ ಬರುವ ಪುಟ್ಟ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಕಪ್ಪು ತಟ್ಟೆಯಾದರೆ ಇದರ ಉಲ್ಟಾ, ಕೆಳಕ್ಕೆ ಎಳೆಯಬೇಕಾಗುತ್ತದೆ. ಎಲ್ಲಿ ನಿಲ್ಲಿಸುವುದು? ಕಿಟಕಿಯ ಕಡೆಯ ಬಟ್ಟಲಿನ ಅಂಚನ್ನು ನೋಡುತ್ತಿರಿ. ಅಂಚಿನ ಗೆರೆ ಕರಗಿ ಹಿನ್ನೆಲೆಗೆ ಸೇರಲು ಶುರುವಾಯಿತು ಅಂದರೆ ಜಾಸ್ತಿಯಾಯಿತು, ಒಂಚೂರು ಇಳಿಸಿ. ಹೀಗೆ ಕರಗಿದ ಬಿಳಿಯನ್ನು ಆಮೇಲೆ ತಿದ್ದಿ ವಾಪಸ್ ತರಲು ಸಾಮಾನ್ಯವಾಗಿ ಆಗುವುದಿಲ್ಲ. ಮಂಕಾಗಿದ್ದರೆ ಸ್ವಲ್ಪ ಮಟ್ಟಿಗೆ ಬೆಳಗಿಸಬಹುದು. ಹಿನ್ನೆಲೆ ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಬಟ್ಟಲಿಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಬಟ್ಟಲು ಎಲ್ಲಿ ಮುಗಿಯಿತು ಅಂತ ಅದಕ್ಕೆ ಎಷ್ಟೋ ಸಲ ತಿಳಿಯುವುದಿಲ್ಲ, ಅಂಚನ್ನು ಕಚ್ಚಿ ತಿಂದ ಹಾಗೆ ಅಳಿಸಿರುತ್ತದೆ.

ತೆಗೆದ ಫೋಟೋ ಸರಿಯಿದೆಯೇ ಎಂದು ನೋಡಲು ಅದನ್ನು ಕಪ್ಪು ಬಿಳುಪು ಮಾಡಿ. ಇಗೋ, ಕಿಟಕಿಯ ಬೆಳಕಿನಲ್ಲಿ ತೆಗೆದ ಎರಡನೇ ಫೋಟೋವನ್ನು ಹಾಗೆ ಮಾಡಿದ್ದೇನೆ. ಬಣ್ಣ ಇಲ್ಲದೆಯೂ ಬಟಾಣಿ ದುಂಡಗಿದೆ, ಬೇಳೆ ತರಿತರಿಯಾಗಿದೆ, ಸಾರು ಒದ್ದೆಯಾಗಿದೆ. ಬೆಳಕು ತನ್ನ ಕೆಲಸ ಮಾಡಿದೆ. ಫ್ಲ್ಯಾಶಿನ ಫೋಟೋವನ್ನೂ ಹೀಗೇ ಮಾಡಿದರೆ ಅಲ್ಲಿ ಉಳಿಯುವುದು ಒಂದು ಬೂದು ವೃತ್ತ, ಅದರ ನಡುವೆ ಒಂದು ಚುಕ್ಕೆ.

ಇಷ್ಟು ಹೇಳಿದ ಮೇಲೆ ಸಭೆಯಿಂದ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬರು ಕೇಳಿದರು: "ನೀವು ಹೇಳಿದ್ದೆಲ್ಲ ಮಾಡುವಷ್ಟರಲ್ಲಿ ಸಾರು ಆರಿಹೋಗುತ್ತದಲ್ಲ ಸಾರ್? ಮನೆಯವರು ಊಟಕ್ಕೆ ಕಾಯುತ್ತಿರುತ್ತಾರೆ."

ಕಾಯಿಸಬೇಡಿ. ಕಿಟಕಿ, ಹಾಳೆ, ಕೋನ, ಫೋನು ಎಲ್ಲವನ್ನೂ ಅಡುಗೆ ಒಲೆಯ ಮೇಲಿರುವಾಗಲೇ ಖಾಲಿ ಬಟ್ಟಲು ಇಟ್ಟು ಸರಿ ಮಾಡಿಕೊಳ್ಳಿ. ಬಟ್ಟಲಿನೊಳಗೆ ಒಂದು ನಿಂಬೆಹಣ್ಣು ಇಟ್ಟರೆ ನೆರಳು ಹೇಗೆ ಬೀಳುತ್ತದೆ ಅಂತ ಗೊತ್ತಾಗುತ್ತದೆ. ಆಮೇಲೆ ಫೋಟೋದ ಬಟ್ಟಲೊಂದನ್ನೇ ಕೊನೆಗೆ ಬಡಿಸಿ. ಉಳಿದವರು ತಿನ್ನುತ್ತಾ ಇರಲಿ. ಬೇಳೆ ಸಾರು ಆರುತ್ತಾ ಗಟ್ಟಿಯಾಗಿ ಮೇಲೆ ಕೆನೆಗಟ್ಟಿದ ಹಾಗೆ ಪದರ ಬರುತ್ತದೆ, ಹೊಳಪು ಹೋಗುತ್ತದೆ. ಒಂದು ಚಮಚ ಬಿಸಿನೀರು ಹಾಕಿ ಮೇಲ್ಮೈಯನ್ನು ಮಾತ್ರ ಮೆಲ್ಲಗೆ ಕಲಕಿದರೆ ಮತ್ತೆ ಸಡಿಲವಾಗುತ್ತದೆ. ಅನ್ನ ಒಣಗಿದರೆ ಒದ್ದೆ ಕೈಯಲ್ಲಿ ನೀರು ಚಿಮುಕಿಸಿ.

ಇನ್ನೊಬ್ಬರದು ಎಲ್ಲರೂ ಕೇಳುವ ಪ್ರಶ್ನೆ: "ನಾವು ಕೆಲಸದಿಂದ ಬಂದು ಅಡುಗೆ ಮಾಡುವುದೇ ರಾತ್ರಿ. ಕಿಟಕಿ ಎಲ್ಲಿಂದ ತರುವುದು?"

ಒಂದು ಟೇಬಲ್ ಲ್ಯಾಂಪನ್ನು ಕಿಟಕಿ ಮಾಡಿಕೊಳ್ಳಬಹುದು. ಅದೇ 10ರ ಜಾಗದಲ್ಲಿ, ಬಟ್ಟಲಿಗಿಂತ ಸ್ವಲ್ಪ ಎತ್ತರದಲ್ಲಿ ಇಡಿ. ಬೇರೆ ದೀಪಗಳು ಬೇಡ. ಬಲ್ಬು ಚಿಕ್ಕದಾದ್ದರಿಂದ ನೆರಳು ಗಡುಸಾಗಿ ಬರುತ್ತದೆ, ಆದ್ದರಿಂದ ಲ್ಯಾಂಪಿಗೂ ಬಟ್ಟಲಿಗೂ ನಡುವೆ ಬಿಳಿ ಬಟ್ಟೆಯನ್ನು ಒಂದು ಚೌಕಟ್ಟಿಗೆ ಕಟ್ಟಿ ನಿಲ್ಲಿಸಿ. ಬಟ್ಟೆ ಬಟ್ಟಲಿನ ಹತ್ತಿರ ಇರಲಿ, ಲ್ಯಾಂಪು ಬಟ್ಟೆಯಿಂದ ದೂರ ಇರಲಿ. ಆಗ ಇಡೀ ಬಟ್ಟೆ ಬೆಳಗಿ ಅದೇ ಕಿಟಕಿಯಾಗುತ್ತದೆ. ಬಿಸಿಯಾಗುವ ಬಲ್ಬಾದರೆ ಬಟ್ಟೆ ತಾಗದಂತೆ ನೋಡಿಕೊಳ್ಳಿ. ಬಲ್ಬು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅಂತ ಹೇಳುವ ಅಂಕಿ ಸಿಆರ್‌ಐ. ಎಲ್‌ಇಡಿ ಕೊಳ್ಳುವಾಗ ಡಬ್ಬದ ಮೇಲೆ ಸಿಆರ್‌ಐ 90 ಅಥವಾ ಅದಕ್ಕಿಂತ ಹೆಚ್ಚು ಎಂದು ಇರುವುದನ್ನು ಆರಿಸಿ. ಆ ಅಂಕಿ ಕಡಿಮೆ ಇರುವ ಬಲ್ಬಿನಲ್ಲಿ ಕೆಂಪು ಬಣ್ಣ ಸೊರಗುತ್ತದೆ, ಕಂದು ಸಾರು ಬೂದಾಗುತ್ತದೆ. ಬಲ್ಬಿನ ಬೆಳಕು ಕಡಿಮೆಯಾದ್ದರಿಂದ ಫೋನನ್ನು ಕೈಯಲ್ಲಿ ಹಿಡಿಯದೆ ಡಬ್ಬಗಳಿಗೆ ಒರಗಿಸಿ, ಮೂರು ಸೆಕೆಂಡ್ ಟೈಮರ್ ಹಾಕಿ ತೆಗೆಯಿರಿ. ಇಲ್ಲದಿದ್ದರೆ ಅಲುಗಾಡಿ ತರಿ ಮಸುಕಾಗುತ್ತದೆ.

ನಾನಾಗಿದ್ದರೆ ಇಷ್ಟು ಕಷ್ಟವನ್ನೂ ಪಡುವುದಿಲ್ಲ. ಒಂದು ಸೌಟು ಸಾರನ್ನು ಫ್ರಿಜ್‌ನಲ್ಲಿ ತೆಗೆದಿಟ್ಟು, ಬೆಳಿಗ್ಗೆ ಬಿಸಿನೀರು ಬೆರೆಸಿ ಬಿಸಿ ಮಾಡಿ, ಬಟಾಣಿ ಮಾತ್ರ ಹೊಸದಾಗಿ ಬೇಯಿಸಿ ಹಾಕಿ ಕಿಟಕಿ ಪಕ್ಕ ತೆಗೆಯುತ್ತೇನೆ. ಅನ್ನಕ್ಕೆ ಈ ಉಪಾಯ ಅಷ್ಟು ನಡೆಯುವುದಿಲ್ಲ, ತಂಗಳು ಅನ್ನದ ಅಗುಳು ಗಡುಸಾಗಿ ಉಂಡೆ ಕಟ್ಟಿರುತ್ತದೆ. ಅನ್ನವೂ ಫೋಟೋದಲ್ಲಿ ಬೇಕು ಅಂದರೆ ಬೆಳಿಗ್ಗೆ ಒಂದು ಹಿಡಿ ಅಕ್ಕಿ ಬೇಯಿಸಿಕೊಳ್ಳಬೇಕಾಗುತ್ತದೆ.